ಪದ ಅವರದು, ಅರ್ಥ ನಮ್ಮದು

‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’, ‘ಡೌಟ್’ – ದಿನ ಬೆಳಗಾದರೆ ನಮ್ಮ ಬಾಯಲ್ಲಿ ಓಡಾಡುವ ಈ ಇಂಗ್ಲಿಷ್ ಪದಗಳು ಇಂಗ್ಲೆಂಡಿನಲ್ಲಿ ಬೇರೆಯೇ ಅರ್ಥ ಕೊಡಬಹುದು, ಕೆಲವೊಮ್ಮೆ ಅರ್ಥವೇ ಆಗದಿರಬಹುದು. ಹಾಗಾದರೆ ಅವು ತಪ್ಪೇ? ಉತ್ತರ ಒಂದೇ ಮಾತಿನದಲ್ಲ.

ಪರೀಕ್ಷೆ ಎರಡು ದಿನ ಮೊದಲೇ ಬಂತೆಂದರೆ ‘ಎಗ್ಸಾಮ್ ಪ್ರಿಪೋನ್ ಆಯ್ತು’ ಎಂಬ ಸುದ್ದಿ ಕಾಲೇಜಿನ ತುಂಬ ಹಬ್ಬುತ್ತದೆ. ಮನೆಗೆ ಫೋನ್ ಮಾಡಿದವರಿಗೆ ‘ಅವರು ಔಟ್ ಆಫ್ ಸ್ಟೇಷನ್, ನಾಡಿದ್ದು ಬರ್ತಾರೆ’ ಎಂಬ ಉತ್ತರ ಸಿಗುತ್ತದೆ. ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ: ‘ಸರ್, ಒಂದು ಡೌಟು’. ಈ ಮಾತುಗಳನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಹೇಳಿದವರಿಗೂ ಕೇಳಿದವರಿಗೂ ಅರ್ಥ ಸ್ಪಷ್ಟ. ತೊಡಕು ಹುಟ್ಟುವುದು ಇವೇ ಮಾತುಗಳು ದೇಶದ ಗಡಿ ದಾಟಿದಾಗ.

ಹೀಗೊಂದು ಪತ್ರವನ್ನು ಊಹಿಸಿಕೊಳ್ಳಿ. ಹುಬ್ಬಳ್ಳಿಯ ಎಂಜಿನಿಯರಿಂಗ್ ಪದವೀಧರೆಯೊಬ್ಬಳು ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದಾಳೆ. ಹದಿನೆಂಟನೆಯ ತಾರೀಕು, ಬುಧವಾರ, ಸಂದರ್ಶನ. ಅವಳು ಅಲ್ಲಿಯ ಪ್ರಾಧ್ಯಾಪಕರಿಗೆ ಇ-ಮೇಲ್ ಬರೆಯುತ್ತಾಳೆ. ತಾನು 2022ರಲ್ಲಿ ‘ಪಾಸ್ಡ್ ಔಟ್’. ತಂದೆ ‘ಔಟ್ ಆಫ್ ಸ್ಟೇಷನ್’ ಆದ್ದರಿಂದ ಬ್ಯಾಂಕಿನ ಕಾಗದ ಒಂದು ವಾರ ತಡ. ಬುಧವಾರ ಬೇರೊಂದು ಪರೀಕ್ಷೆ ಇರುವುದರಿಂದ ಸಂದರ್ಶನವನ್ನು ಎರಡು ದಿನ ‘ಪ್ರಿಪೋನ್’ ಮಾಡಬೇಕು. ತಮ್ಮ ಸಂಶೋಧನಾ ಲೇಖನದ ಬಗ್ಗೆ ತನಗೊಂದು ‘ಡೌಟ್’ ಇದೆ. ದಯವಿಟ್ಟು ‘ಡು ದ ನೀಡ್‌ಫುಲ್’, ಬೇಗ ‘ರಿವರ್ಟ್’ ಮಾಡಿ.

ಹುಬ್ಬಳ್ಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ಪತ್ರದಲ್ಲಿ ಯಾರಿಗೂ ಅರ್ಥವಾಗದ ಮಾತಿಲ್ಲ. ವ್ಯಾಕರಣದಲ್ಲೂ ದೋಷವಿಲ್ಲ ಎನ್ನೋಣ. ಆದರೆ ಭಾರತೀಯರ ಒಡನಾಟವೇ ಇಲ್ಲದ ಪ್ರಾಧ್ಯಾಪಕರೊಬ್ಬರು ಇದನ್ನು ಓದಿದರೆ ಅವರಿಗೆ ತಲುಪುವ ಸಂದೇಶ ಹೀಗಿರಬಹುದು: ಈ ಹುಡುಗಿ 2022ರಲ್ಲಿ ಮೂರ್ಛೆ ಹೋಗಿದ್ದಳು, ತಂದೆ ಯಾವುದೋ ನಿಲ್ದಾಣದ ಹೊರಗಿದ್ದಾರೆ, ಸಂದರ್ಶನಕ್ಕೆ ಏನೋ ಮಾಡಬೇಕಂತೆ, ನನ್ನ ಲೇಖನದ ಮೇಲೆ ಇವಳಿಗೆ ನಂಬಿಕೆ ಇಲ್ಲ. ಪ್ರಾಧ್ಯಾಪಕರು ಸಹೃದಯರಾದರೆ ಸಂದರ್ಭ ನೋಡಿ ಸರಿಯಾಗಿಯೇ ಊಹಿಸಿಯಾರು. ಆದರೆ ಊಹೆಯ ಮೇಲೆ ಪ್ರವೇಶ ನಿಲ್ಲುವಂತಾಗಬಾರದಷ್ಟೆ.

ಈ ಪತ್ರದ ಒಂದೊಂದೇ ಪದವನ್ನು ಬಿಡಿಸಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಎಲ್ಲವೂ ಒಂದೇ ಬಗೆಯವಲ್ಲ. ಒಂದು ನಾವೇ ನಿಯಮಬದ್ಧವಾಗಿ ಕಟ್ಟಿಕೊಂಡದ್ದು, ಇನ್ನೊಂದು ಬ್ರಿಟಿಷರೇ ಇಲ್ಲಿ ಬಿಟ್ಟುಹೋದದ್ದು, ಮತ್ತೊಂದು ನಮ್ಮ ಭಾಷೆಯ ಅರ್ಥವನ್ನು ಒಳಗೆ ತುಂಬಿಕೊಂಡದ್ದು. ಅಪಾಯದ ಪ್ರಮಾಣವೂ ಒಂದೊಂದಕ್ಕೆ ಒಂದೊಂದು ರೀತಿ.

ಪ್ರಿಪೋನ್: ತಪ್ಪೆನಿಸಿಕೊಂಡ ಜಾಣ ಪದ

ನಮ್ಮ ಶಾಲೆಗಳಲ್ಲಿ ಅತಿ ಹೆಚ್ಚು ಬೈಗುಳ ತಿಂದಿರುವ ಪದ ಇದು. ‘ಪ್ರಿಪೋನ್ ಎಂಬ ಪದವೇ ಇಂಗ್ಲಿಷಿನಲ್ಲಿಲ್ಲ’ ಎಂದು ಎಷ್ಟೋ ಮೇಷ್ಟ್ರುಗಳು ಕೆಂಪು ಶಾಯಿಯಲ್ಲಿ ಗೀಟು ಎಳೆದಿದ್ದಾರೆ. ಆದರೆ ಅದರ ರಚನೆಯನ್ನು ನೋಡಿ. ‘ಪೋಸ್ಟ್‌ಪೋನ್’ ಪದದಲ್ಲಿ ಎರಡು ಲ್ಯಾಟಿನ್ ತುಂಡುಗಳಿವೆ. ‘ಪೋಸ್ಟ್’ ಎಂದರೆ ಆಮೇಲೆ, ‘ಪೋನೆರೆ’ ಎಂದರೆ ಇಡು. ಆಮೇಲಕ್ಕೆ ಇಡುವುದು ಪೋಸ್ಟ್‌ಪೋನ್. ‘ಪ್ರಿ’ ಎಂದರೆ ಮೊದಲು. ಅಂದಮೇಲೆ ಮೊದಲಿಗೆ ಇಡುವುದು ಪ್ರಿಪೋನ್. ಇದರಲ್ಲಿ ಅಡ್ಡದಾರಿ ಏನೂ ಇಲ್ಲ. ವ್ಯಾಕರಣದ ತರಗತಿಯಲ್ಲಿ ಎಲ್ಲ ಮಕ್ಕಳೂ ಕಲಿಯುವ ‘ಪ್ರಿಪೊಸಿಷನ್’ ಹುಟ್ಟಿದ್ದೂ ಇವೇ ಎರಡು ತುಂಡುಗಳಿಂದ – ನಾಮಪದದ ಮೊದಲಿಗೆ ಇಡುವ ಪದ ಎಂಬ ಅರ್ಥದಲ್ಲಿ.

ಇದನ್ನು ಮೊದಲು ಯೋಚಿಸಿದವರು ಭಾರತೀಯರೇ ಎನ್ನುವಂತೆಯೂ ಇಲ್ಲ. 1913ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಓದುಗರೊಬ್ಬರು ಪತ್ರ ಬರೆದು, ವಕೀಲರ ಉಪಯೋಗಕ್ಕೆಂದು ‘ಪೋಸ್ಟ್‌ಪೋನ್’ಗೆ ಎದುರಾಗಿ ‘ಪ್ರಿಪೋನ್’ ಎಂಬ ಪದವನ್ನು ಸೂಚಿಸಿದ್ದರು. ಅಲ್ಲಿ ಅದು ಬೇರು ಬಿಡಲಿಲ್ಲ. ಭಾರತದಲ್ಲಿ ಮಾತ್ರ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಚೇರಿ, ಕಾಲೇಜು, ಮದುವೆ ಮನೆಗಳಲ್ಲೆಲ್ಲ ಹರಡಿಕೊಂಡಿತು. ಈಗ ಆಕ್ಸ್‌ಫರ್ಡ್ ನಿಘಂಟೂ ಇದನ್ನು ಭಾರತೀಯ ಇಂಗ್ಲಿಷಿನ ಪದವೆಂದು ಗುರುತಿಸಿ ಒಳಗೆ ಸೇರಿಸಿಕೊಂಡಿದೆ. ‘ನಿಘಂಟಿನಲ್ಲೇ ಇಲ್ಲ’ ಎಂಬ ಮಾತು ಇನ್ನು ನಡೆಯುವುದಿಲ್ಲ.

ಹಾಗಾದರೆ ಇಂಗ್ಲಿಷ್ ಮನೆಮಾತಿನವರು ಇದಕ್ಕೆ ಏನೆನ್ನುತ್ತಾರೆ? ಬ್ರಿಟನ್ನಿನಲ್ಲಿ ‘ಬ್ರಿಂಗ್ ಫಾರ್ವರ್ಡ್’, ಅಮೆರಿಕದಲ್ಲಿ ‘ಮೂವ್ ಅಪ್’ ಎನ್ನುವುದು ರೂಢಿ. ಇಲ್ಲಿಯೇ ಕನ್ನಡಿಗರು ಎಚ್ಚರ ವಹಿಸಬೇಕಾದ ಒಂದು ಗುಂಡಿ ಇದೆ. ‘ಫಾರ್ವರ್ಡ್’ ಎಂದರೆ ಮುಂದಕ್ಕೆ. ನಮ್ಮಲ್ಲಿ ‘ಪರೀಕ್ಷೆ ಮುಂದಕ್ಕೆ ಹೋಯಿತು’ ಎಂದರೆ ತಡವಾಯಿತು ಎಂದರ್ಥ. ‘ಮುಂದೂಡಿದರು’ ಎಂದರೂ ಅದೇ. ಬ್ರಿಟಿಷರ ‘ಬ್ರಿಂಗ್ ಫಾರ್ವರ್ಡ್’ ಇದಕ್ಕೆ ನೇರ ವಿರುದ್ಧ. ಪರೀಕ್ಷೆ ಮೊದಲೇ ಬಂತು ಎಂದರ್ಥ. ಮುಂದೆ ಎಂಬ ಒಂದೇ ದಿಕ್ಕನ್ನು ಹಿಡಿದ ಎರಡು ಭಾಷೆಗಳು ಎದುರುಬದುರು ನಿಂತಿವೆ. ‘ಮುಂದೂಡು’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಫಾರ್ವರ್ಡ್’ ಎಂದು ಬರೆದ ವಿದ್ಯಾರ್ಥಿ, ತಾನು ಬಯಸಿದ್ದಕ್ಕೆ ತದ್ವಿರುದ್ಧವಾದದ್ದನ್ನೇ ಕೇಳಿದಂತಾಗುತ್ತದೆ.

ಇಂಗ್ಲಿಷರಿಗಾದರೂ ಈ ವಿಷಯದಲ್ಲಿ ಗೊಂದಲವಿಲ್ಲವೇ? ಇದೆ. ಮನೋವಿಜ್ಞಾನಿ ಲೆರಾ ಬೊರೊಡಿಟ್ಸ್ಕಿ ಮತ್ತವರ ಸಹೋದ್ಯೋಗಿಗಳ ಪ್ರಯೋಗಗಳಿಂದ ಪ್ರಸಿದ್ಧವಾದ ಒಂದು ಪ್ರಶ್ನೆ ಇದೆ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಿದ್ದಾರೆ. ಹಾಗಾದರೆ ಸಭೆ ಈಗ ಯಾವ ದಿನ? ಇಂಗ್ಲಿಷ್ ಮಾತನಾಡುವವರಲ್ಲಿಯೇ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸೋಮವಾರ ಎಂದರೆ, ಉಳಿದವರು ಶುಕ್ರವಾರ ಎನ್ನುತ್ತಾರೆ. ಕಾಲವೇ ನಮ್ಮತ್ತ ಬರುತ್ತಿದೆ ಎಂದು ಭಾವಿಸಿದವರಿಗೆ ಅದು ಸೋಮವಾರ. ನಾವೇ ಕಾಲದಲ್ಲಿ ಮುಂದೆ ನಡೆಯುತ್ತಿದ್ದೇವೆ ಎಂದು ಭಾವಿಸಿದವರಿಗೆ ಶುಕ್ರವಾರ.

ನಮ್ಮ ಹುಬ್ಬಳ್ಳಿಯ ಹುಡುಗಿಯ ಸಂದರ್ಶನವೂ ಬುಧವಾರವೇ. ಅವಳು ‘ಪ್ರಿಪೋನ್’ ಬಿಟ್ಟು ‘ಎರಡು ದಿನ ಮೂವ್ ಫಾರ್ವರ್ಡ್ ಮಾಡಿ’ ಎಂದು ಬರೆದಿದ್ದರೆ, ಪ್ರಾಧ್ಯಾಪಕರು ಶುಕ್ರವಾರ ಕಾದು ಕುಳಿತಿರುವ ಸಾಧ್ಯತೆ ಇರುತ್ತಿತ್ತು. ‘ಪ್ರಿಪೋನ್’ನಲ್ಲಿ ಈ ಇಬ್ಬಂದಿ ಇಲ್ಲ. ಪದ ಗೊತ್ತಿದ್ದವರಿಗೆ ಅದರ ಅರ್ಥ ಒಂದೇ. ಗೊತ್ತಿಲ್ಲದವರೂ ‘ಪೋಸ್ಟ್‌ಪೋನ್’ ನೆನೆದು ಊಹಿಸಬಲ್ಲರು. ಪರದೇಶದ ಕಿವಿಗೆ ಅದು ವಿಚಿತ್ರವಾಗಿ ಕೇಳಿಸೀತೇ ಹೊರತು ತಪ್ಪು ಅರ್ಥ ಕೊಡದು.

ಯಾವ ಸ್ಟೇಷನ್ನಿನಿಂದ ಔಟ್?

‘ಔಟ್ ಆಫ್ ಸ್ಟೇಷನ್’ನ ಕಥೆ ಬೇರೆ. ಇದರಲ್ಲಿರುವ ಸ್ಟೇಷನ್ ರೈಲಿನದು ಎಂದು ಅನೇಕರು ತಿಳಿದಿದ್ದಾರೆ. ರೈಲು ಹತ್ತಿ ಊರು ಬಿಟ್ಟವನು ಔಟ್ ಆಫ್ ಸ್ಟೇಷನ್ ಎಂದು ಲೆಕ್ಕ. ಅದು ಹಾಗಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ, ಜಿಲ್ಲೆಯೊಂದರ ಇಂಗ್ಲಿಷ್ ಅಧಿಕಾರಿಗಳು ಅಥವಾ ಸೇನೆಯ ಅಧಿಕಾರಿಗಳು ನೆಲೆಸಿದ್ದ ಜಾಗಕ್ಕೆ ‘ಸ್ಟೇಷನ್’ ಎಂಬ ಹೆಸರಿತ್ತು. ಆಂಗ್ಲೋ-ಇಂಡಿಯನ್ ಪದಗಳನ್ನು ಸಂಗ್ರಹಿಸಿ ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ 1886ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿಯೂ ಈ ಪದಕ್ಕೆ ಜಾಗ ಸಿಕ್ಕಿದೆ. ಬೇಸಿಗೆಯ ಧಗೆ ತಾಳಲಾರದೆ ದೊರೆಗಳು ಬೆಟ್ಟದ ಮೇಲೆ ಕಟ್ಟಿಕೊಂಡ ಊರುಗಳು ‘ಹಿಲ್ ಸ್ಟೇಷನ್’ ಆದದ್ದೂ ಇದೇ ಅರ್ಥದಲ್ಲಿ. ಊಟಿಗೆ ಆ ಹೆಸರು ಬಂದದ್ದು ಅಲ್ಲಿಗೆ ಹೋಗುವ ಪುಟ್ಟ ರೈಲಿನಿಂದಲ್ಲ.

ಬೆಂಗಳೂರಿಗರಿಗೆ ಈ ಸ್ಟೇಷನ್ ಇನ್ನೂ ಹತ್ತಿರದ್ದು. 1809ರಲ್ಲಿ ಬ್ರಿಟಿಷ್ ಪಡೆಗಳು ಶ್ರೀರಂಗಪಟ್ಟಣದಿಂದ ಬಂದು ನೆಲೆಸಿದ ದಂಡು ಪ್ರದೇಶವು, 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದ ಮೇಲೂ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಅದರ ಅಧಿಕೃತ ಹೆಸರೇ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’. 1947ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಸೇರಿತು; 1949ರಲ್ಲಿ ನಗರ ಮತ್ತು ದಂಡು ಎರಡೂ ಕೂಡಿ ಒಂದೇ ಕಾರ್ಪೊರೇಷನ್ ಆದವು. ಅಲ್ಲಿಯವರೆಗೆ ಬೆಂಗಳೂರಿನ ಅರ್ಧ ಊರು ಹೆಸರಿಗೆ ತಕ್ಕಂತೆ ‘ಸ್ಟೇಷನ್’ ಆಗಿತ್ತು.

ತನ್ನ ಸ್ಟೇಷನ್ ಬಿಟ್ಟು ಹೋಗುವ ಅಧಿಕಾರಿ ಮೇಲಿನವರ ಒಪ್ಪಿಗೆ ಪಡೆಯಬೇಕಿತ್ತು. ಈ ಪದ್ಧತಿ ಇಂದಿಗೂ ಸತ್ತಿಲ್ಲ. ಸರ್ಕಾರಿ ನೌಕರರು ರಜೆಯ ಅರ್ಜಿಯಲ್ಲಿ ‘ಕೇಂದ್ರ ಸ್ಥಾನ ಬಿಡಲು ಅನುಮತಿ’ ಕೋರುತ್ತಾರಲ್ಲ, ಆ ಕೇಂದ್ರ ಸ್ಥಾನವೇ ಈ ಸ್ಟೇಷನ್. ಕಚೇರಿಯಿಂದ ಹೊರಟ ಪದ ಬ್ಯಾಂಕಿಗೆ ಬಂದು ‘ಔಟ್‌ಸ್ಟೇಷನ್ ಚೆಕ್’ ಆಯಿತು, ಟ್ಯಾಕ್ಸಿ ಏರಿ ‘ಔಟ್‌ಸ್ಟೇಷನ್ ಬಾಡಿಗೆ’ ಆಯಿತು, ಕೊನೆಗೆ ಯಾವ ಸರ್ಕಾರಿ ಹುದ್ದೆಯೂ ಇಲ್ಲದ ಗೃಹಸ್ಥರು ಮಗಳ ಮನೆಗೆ ಹೋದಾಗಲೂ ಔಟ್ ಆಫ್ ಸ್ಟೇಷನ್ ಆದರು.

ಇಷ್ಟು ಸಲೀಸಾಗಿ ಅದು ನಮ್ಮ ಬಾಯಿಗೆ ಕೂತದ್ದೇಕೆ? ನಮ್ಮ ‘ಊರಲ್ಲಿಲ್ಲ’ ಎಂಬ ಮಾತಿಗೆ ಅದು ಅಚ್ಚುಕಟ್ಟಾಗಿ ಹೊಂದಿಕೊಂಡಿತು. ‘ಅವರು ಊರಲ್ಲಿಲ್ಲ’ ಎಂಬಲ್ಲಿ ಊರು ಎಂದರೆ ಅವರು ಇರಬೇಕಾದ ಜಾಗ. ಸ್ಟೇಷನ್ ಎಂದರೂ ಅದೇ. ಇಂಗ್ಲೆಂಡಿನಲ್ಲಿ ಈ ಅರ್ಥಕ್ಕೆ ‘ಅವೇ’ ಅಥವಾ ‘ಔಟ್ ಆಫ್ ಟೌನ್’ ಎನ್ನುತ್ತಾರೆ. ನಮ್ಮ ಪ್ರಯೋಗ ಕೇಳಿದ ವಿದೇಶಿಯರಿಗೆ ಏನೂ ಹೊಳೆಯದೆ ಹೋಗಬಹುದು. ಒಳ್ಳೆಯ ಸಂಗತಿ ಎಂದರೆ, ಹೊಳೆಯದಿದ್ದವರು ಏನೆಂದು ಕೇಳುತ್ತಾರೆ. ಕೇಳಿದರೆ ವಿವರಿಸಬಹುದು.

ಅವರು ಮರೆತರು, ನಾವು ಉಳಿಸಿಕೊಂಡೆವು

ಪತ್ರದ ಕೊನೆಯಲ್ಲಿದ್ದ ‘ಡು ದ ನೀಡ್‌ಫುಲ್’ ನಮ್ಮ ಗುಮಾಸ್ತರ ಸೃಷ್ಟಿ ಎಂದು ನಗೆಯಾಡುವವರುಂಟು. ವಾಸ್ತವವಾಗಿ ಅದು ಬ್ರಿಟಿಷರದೇ ಮಾತು. ಒಂದು ಕಾಲದಲ್ಲಿ ಅಲ್ಲಿಯ ವ್ಯಾಪಾರಿಗಳೂ ಅಧಿಕಾರಿಗಳೂ ತಮ್ಮ ಪತ್ರಗಳಲ್ಲಿ ಧಾರಾಳವಾಗಿ ಬರೆಯುತ್ತಿದ್ದರು. ಅಲ್ಲಿ ಫ್ಯಾಷನ್ ಬದಲಾಯಿತು, ಮಾತು ಮೂಲೆಗೆ ಸರಿಯಿತು. ಇಲ್ಲಿ ಕಡತದಿಂದ ಕಡತಕ್ಕೆ ನಕಲಾಗುತ್ತ ಉಳಿದುಕೊಂಡಿತು. ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂಬ ಕನ್ನಡದ ಒಕ್ಕಣೆಯೂ ಪಕ್ಕದಲ್ಲಿ ನಿಂತು ಅದಕ್ಕೆ ಆಸರೆಯಾಯಿತು.

ಕಾರಿನ ಹೆಚ್ಚುವರಿ ಚಕ್ರಕ್ಕೆ ನಾವು ಹೇಳುವ ‘ಸ್ಟೆಪ್ನಿ’ಯೂ ಹೀಗೆ ಉಳಿದುಕೊಂಡ ಪದವೇ. ಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರಲಿಲ್ಲ. ದಾರಿಯಲ್ಲಿ ಪಂಕ್ಚರ್ ಆದರೆ ಅಲ್ಲೇ ಕುಳಿತು ತೇಪೆ ಹಾಕಬೇಕಿತ್ತು. ವೇಲ್ಸ್ ಪ್ರಾಂತ್ಯದ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಡೇವಿಸ್ ಸಹೋದರರು 1904ರ ಸುಮಾರಿಗೆ ಇದಕ್ಕೊಂದು ಉಪಾಯ ಕಂಡುಹಿಡಿದರು. ಟೈರು ತೊಡಿಸಿದ, ಕಡ್ಡಿಗಳಿಲ್ಲದ ಒಂದು ಬಳೆಯನ್ನು ಕೆಟ್ಟ ಚಕ್ರದ ಪಕ್ಕಕ್ಕೆ ಬಿಗಿದು ಗಾಡಿ ಓಡಿಸಬಹುದಿತ್ತು. ಬೀದಿಯ ಹೆಸರೇ ಸರಕಿನ ಹೆಸರಾಯಿತು. ಆ ಬಗೆಯ ಚಕ್ರ ಮಾಯವಾಗಿ ಎಷ್ಟೋ ಕಾಲವಾಯಿತು; ಲಂಡನ್ನಿನ ಗ್ಯಾರೇಜಿನಲ್ಲಿ ಸ್ಟೆಪ್ನಿ ಕೇಳಿದರೆ ಇಂದು ಯಾರೂ ಕೊಡಲಾರರು. ದಾವಣಗೆರೆಯಲ್ಲಿ ಕೇಳಿ, ಹುಡುಗ ತಕ್ಷಣ ಡಿಕ್ಕಿ ತೆಗೆಯುತ್ತಾನೆ.

ಇಂಥ ಪದಗಳಿಂದ ಹಾನಿ ಕಡಿಮೆ. ‘ನೀಡ್‌ಫುಲ್’ ಓದಿದ ವಿದೇಶಿಯರಿಗೆ ಹಳೆಯ ಕಾಲದ ಮಾತಿನಂತೆ ಕೇಳಿಸೀತು. ಆದರೆ ಅದರಲ್ಲಿ ಒಂದು ಕೊರತೆ ಇದೆ. ‘ಆಗಬೇಕಾದ್ದನ್ನು ಮಾಡಿ’ ಎಂದರೆ ಯಾವುದನ್ನು? ಕಡತ ಗೊತ್ತಿರುವ ಕಚೇರಿಯಲ್ಲಿ ಅಷ್ಟು ಸಾಕು. ಅಪರಿಚಿತರಿಗೆ ಬರೆಯುವಾಗ ಏನು ಆಗಬೇಕೆಂದು ಬಿಡಿಸಿ ಹೇಳಲೇಬೇಕು.

ಮುಖ ಅದೇ, ಅರ್ಥ ಬೇರೆ

ನಿಜವಾದ ಅಪಾಯ ಇರುವುದು ಮೂರನೆಯ ಗುಂಪಿನಲ್ಲಿ. ಇವು ಓದುವವರಿಗೆ ಚೆನ್ನಾಗಿ ಗೊತ್ತಿರುವ ಪದಗಳು. ಆದರೆ ಅವರಿಗೆ ಗೊತ್ತಿರುವುದು ಬೇರೆ ಅರ್ಥ. ಹೀಗಾಗಿ ಅವರು ಏನೆಂದು ಕೇಳುವುದೂ ಇಲ್ಲ. ಅರ್ಥವಾಯಿತೆಂದೇ ತಿಳಿದು ಸುಮ್ಮನಾಗುತ್ತಾರೆ.

‘ಪಾಸ್ಡ್ ಔಟ್’ ತೆಗೆದುಕೊಳ್ಳಿ. ಬ್ರಿಟನ್ ಮತ್ತು ಅಮೆರಿಕದ ದಿನಬಳಕೆಯಲ್ಲಿ ಅದಕ್ಕೆ ಮೂರ್ಛೆ ಹೋದ, ಇಲ್ಲವೇ ಕುಡಿದು ಪ್ರಜ್ಞೆ ತಪ್ಪಿದ ಎಂದರ್ಥ. ನಮ್ಮ ಅರ್ಥ ಎಲ್ಲಿಂದ ಬಂತು? ಸೈನ್ಯದಿಂದ. ತರಬೇತಿ ಮುಗಿಸಿದ ಕೆಡೆಟ್‌ಗಳ ‘ಪಾಸಿಂಗ್ ಔಟ್ ಪರೇಡ್’ ಬ್ರಿಟನ್ನಿನಲ್ಲೂ ಇದೆ, ನಮ್ಮ ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲೂ ಇದೆ. ಬ್ರಿಟನ್ನಿನಲ್ಲಿ ಈ ಅರ್ಥ ಹೆಚ್ಚಾಗಿ ಸಮವಸ್ತ್ರದವರ ನಡುವೆಯೇ ಉಳಿಯಿತು. ಭಾರತದಲ್ಲಿ ಅದು ಕವಾಯತು ಮೈದಾನ ದಾಟಿ ಕಾಲೇಜಿನೊಳಗೆ ಬಂತು. ಪರೀಕ್ಷೆಯಲ್ಲಿ ‘ಪಾಸು’ ಆಗಿ ಕಾಲೇಜಿನಿಂದ ‘ಔಟು’ ಆದವನು ‘ಪಾಸ್ ಔಟ್’ – ಇದಕ್ಕಿಂತ ಸರಳವಾದ ಲೆಕ್ಕ ಇನ್ನೇನಿದೆ?

‘ರಿವರ್ಟ್’ ಕೂಡ ಹೀಗೆಯೇ. ಇಂಗ್ಲಿಷಿನಲ್ಲಿ ಅದರ ಮೂಲ ಅರ್ಥ ಹಳೆಯ ಸ್ಥಿತಿಗೆ ಮರಳುವುದು. ನಮ್ಮ ಸರ್ಕಾರಿ ನೌಕರರಿಗೆ ಈ ಅರ್ಥವೂ ಗೊತ್ತು; ಬಡ್ತಿ ಪಡೆದವರನ್ನು ಮತ್ತೆ ಕೆಳಗಿನ ಹುದ್ದೆಗೆ ಇಳಿಸಿದರೆ ಅದು ‘ರಿವರ್ಷನ್’, ಹಿಂಬಡ್ತಿ. ಆದರೆ ಕಂಪನಿಗಳ ಇ-ಮೇಲ್‌ಗಳಲ್ಲಿ ‘ರಿವರ್ಟ್’ ಎಂದರೆ ಮರಳಿ ಬರೆಯುವುದು, ಅಂದರೆ ಉತ್ತರಿಸುವುದು. ಸಿಂಗಪುರ, ಮಲೇಷ್ಯಾಗಳಲ್ಲಿಯೂ ಈ ಬಳಕೆ ಉಂಟು. ಆದರೂ ಅದರ ರೂಢಿ ಇಲ್ಲದವರಿಗೆ ‘ಯಾವ ಹಳೆಯ ಸ್ಥಿತಿಗೆ?’ ಎಂಬ ಪ್ರಶ್ನೆ ಏಳುತ್ತದೆ.

ಈ ಗುಂಪಿನಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚು ತೊಡಕು ತರುವ ಪದ ‘ಡೌಟ್’. ಪಾಠ ಅರ್ಥವಾಗದಿದ್ದಾಗ ಕೇಳುವ ಪ್ರಶ್ನೆಗೆ ನಮ್ಮಲ್ಲಿ ಡೌಟ್ ಎನ್ನುತ್ತೇವೆ. ಇಂಗ್ಲೆಂಡಿನಲ್ಲಿ ಡೌಟ್ ಎಂದರೆ ಅಪನಂಬಿಕೆ. ‘ನಿಮ್ಮ ಲೇಖನದ ಬಗ್ಗೆ ನನಗೊಂದು ಡೌಟ್ ಇದೆ’ ಎಂದರೆ ‘ನೀವು ಬರೆದದ್ದು ಸರಿ ಇದೆಯೆಂದು ನನಗನ್ನಿಸುವುದಿಲ್ಲ’ ಎಂದಂತೆ. ವಿನಯದಿಂದ ಕೇಳಿದ ಪ್ರಶ್ನೆ ಅಲ್ಲಿ ಸವಾಲಿನಂತೆ ಕೇಳಿಸುತ್ತದೆ. ವಿಷಯ ಬಲ್ಲ ಪ್ರಾಧ್ಯಾಪಕರು ಸವಾಲನ್ನೇ ಮೆಚ್ಚಿಕೊಂಡು ‘ಏನು ತಪ್ಪು ಕಂಡಿತು, ಹೇಳು’ ಎಂದು ಕೇಳಿದರಂತೂ, ಬರೀ ವಿವರಣೆ ಬಯಸಿದ್ದ ವಿದ್ಯಾರ್ಥಿಯ ಪಾಡು ಹೇಳತೀರದು.

ಈ ಅರ್ಥ ನಮ್ಮಲ್ಲಿ ಹುಟ್ಟಿದ್ದು ಸಹಜವಾಗಿಯೇ. ಕನ್ನಡದಲ್ಲಿ ‘ಸಂದೇಹ’, ‘ಸಂಶಯ’ ಎಂಬ ಪದಗಳು ಎರಡೂ ಕೆಲಸ ಮಾಡುತ್ತವೆ. ‘ಅವನ ಮೇಲೆ ಸಂಶಯ’ ಎಂದರೆ ಅಪನಂಬಿಕೆ. ‘ಸಂಶಯವಿದ್ದರೆ ಕೇಳಿ’ ಎಂದು ಗುರುಗಳು ಹೇಳಿದರೆ ಅದು ಪ್ರಶ್ನೆ ಕೇಳಲು ಆಹ್ವಾನ. ಇಂಗ್ಲಿಷಿನ ‘ಡೌಟ್’ಗೆ ಮೊದಲನೆಯ ಅರ್ಥ ಮಾತ್ರ ಇತ್ತು, ನಾವು ಎರಡನೆಯದನ್ನೂ ಹೊರಿಸಿದೆವು. ಇದು ನಮ್ಮೊಬ್ಬರದೇ ಚಾಳಿಯೂ ಅಲ್ಲ. ಸ್ಪ್ಯಾನಿಷ್ ಭಾಷೆಯ ‘ದೂದಾ’ ಎಂಬ ಪದಕ್ಕೂ ಇವೇ ಎರಡು ಅರ್ಥಗಳಿವೆ. ಸ್ಪೇನಿನ ವಿದ್ಯಾರ್ಥಿ ಇಂಗ್ಲಿಷ್ ಕಲಿಯುವಾಗ ನಮ್ಮವರಂತೆಯೇ ‘ಐ ಹ್ಯಾವ್ ಎ ಡೌಟ್’ ಎಂದುಬಿಡುತ್ತಾನೆ.

ಸಂಸ್ಕೃತಕ್ಕೂ ಹೀಗೇ ಮಾಡಿದ್ದೇವೆ

ಪರಭಾಷೆಯ ಪದ ತಂದುಕೊಂಡು ಅದಕ್ಕೆ ನಮ್ಮ ಅರ್ಥ ತೊಡಿಸುವುದು ಕನ್ನಡಕ್ಕೆ ಹೊಸತಲ್ಲ. ‘ಅನುಮಾನ’ ಎಂಬ ಪದವನ್ನೇ ನೋಡಿ. ಸಂಸ್ಕೃತದ ತರ್ಕಶಾಸ್ತ್ರದಲ್ಲಿ ಅದು ಒಂದು ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ನಿಶ್ಚಯಿಸುವುದು ಅನುಮಾನ. ಅಂದರೆ ತಿಳಿವಳಿಕೆಗೆ ಒಂದು ದಾರಿ. ಕನ್ನಡಕ್ಕೆ ಬಂದ ಅನುಮಾನ ಸಂದೇಹವಾಯಿತು. ‘ಅವನು ಬರುವುದು ಅನುಮಾನ’ ಎನ್ನುತ್ತೇವೆ. ನಿಶ್ಚಯ ತರಬೇಕಾದ ಪದ ಅನಿಶ್ಚಯ ಸೂಚಿಸತೊಡಗಿತು. ಸಂದರ್ಭ ಎಂಬ ಅರ್ಥದ ‘ಅವಸರ’ ನಮ್ಮಲ್ಲಿ ಆತುರವಾಯಿತು. ಯಜ್ಞ ಮಾಡಿಸುವ ‘ಯಜಮಾನ’ ಮನೆಯ ಒಡೆಯನಾದ.

ಇದರ ಬಿಸಿ ತಟ್ಟುವುದು ಹಿಂದಿ ಕಲಿಯುವಾಗ. ಹಿಂದಿಯ ‘ಶಿಕ್ಷಾ’ ಎಂದರೆ ವಿದ್ಯಾಭ್ಯಾಸ. ಕನ್ನಡದ ಮಗುವಿಗೆ ಶಿಕ್ಷೆ ಎಂದರೆ ಬೆತ್ತ. ಹಿಂದಿಯ ‘ಉಪನ್ಯಾಸ್’ ಕಾದಂಬರಿ; ನಮ್ಮ ಉಪನ್ಯಾಸ ವೇದಿಕೆಯ ಮೇಲಿನ ಭಾಷಣ. ಹಾಗೆಂದು ‘ಕನ್ನಡಿಗರು ಶಿಕ್ಷೆ ಎಂಬುದನ್ನು ತಪ್ಪಾಗಿ ಬಳಸುತ್ತಾರೆ’ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇವೆಯೇ? ಅದು ಕನ್ನಡದ ಅರ್ಥ ಎನ್ನುತ್ತೇವೆ. ಇಂಗ್ಲಿಷರೂ ಲ್ಯಾಟಿನ್ನಿಗೆ ಇದನ್ನೇ ಮಾಡಿದವರು. ಅವರ ‘ನೈಸ್’ ಎಂಬ ಮೆಚ್ಚುಗೆಯ ಮಾತು ಲ್ಯಾಟಿನ್ನಿನಲ್ಲಿ ‘ಏನೂ ಅರಿಯದವ’ ಎಂಬರ್ಥದ ಪದದಿಂದ ಬಂದದ್ದು. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಅದಕ್ಕೆ ದಡ್ಡ ಎಂಬ ಅರ್ಥವೇ ಇತ್ತು.

ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಭಾಷಾವಿಜ್ಞಾನಿ ಬ್ರಜ್ ಕಚ್ರು ತಮ್ಮ ಜೀವಮಾನವಿಡೀ ವಾದಿಸಿದ್ದು ಇದನ್ನೇ. ಭಾರತೀಯರ ಇಂಗ್ಲಿಷ್ ಎಂದರೆ ಅರೆಬರೆ ಕಲಿತ ಬ್ರಿಟಿಷ್ ಇಂಗ್ಲಿಷ್ ಅಲ್ಲ, ಈ ನೆಲದ ಬದುಕಿಗೆ ತಕ್ಕಂತೆ ಬದಲಾದ ಒಂದು ಬಗೆ ಎಂಬುದು ಅವರ ನಿಲುವು. 1983ರಲ್ಲಿ ಬಂದ ಅವರ ಗ್ರಂಥದ ಹೆಸರೇ ‘ದಿ ಇಂಡಿಯನೈಸೇಷನ್ ಆಫ್ ಇಂಗ್ಲಿಷ್’.

ತಪ್ಪು ಯಾವುದು, ಬಳಕೆ ಯಾವುದು?

ಹಾಗಾದರೆ ಭಾರತೀಯನೊಬ್ಬ ಏನು ಬರೆದರೂ ಅದು ಭಾರತೀಯ ಇಂಗ್ಲಿಷೇ? ಖಂಡಿತ ಅಲ್ಲ. ಒಂದು ಪ್ರಯೋಗವನ್ನು ಬಳಕೆ ಎನ್ನಬೇಕಾದರೆ ದೇಶದಾದ್ಯಂತ ಓದಿದವರೂ ಅದನ್ನು ಬಳಸುತ್ತಿರಬೇಕು, ಎಲ್ಲರಿಗೂ ಅದರ ಅರ್ಥ ಒಂದೇ ಆಗಿರಬೇಕು. ‘ಪ್ರಿಪೋನ್’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ‘ಹಿ ಡೋಂಟ್ ನೋ’ ಎಂದು ಬರೆದ ವಿದ್ಯಾರ್ಥಿ ಮಾತ್ರ ವ್ಯಾಕರಣದಲ್ಲಿ ಎಡವಿದ್ದಾನೆ, ಅವನನ್ನು ತಿದ್ದಲೇಬೇಕು. ಅಪ್ಪ ಅಮ್ಮಂದಿರು ಮಕ್ಕಳ ಇಂಗ್ಲಿಷನ್ನು ತಿದ್ದುವಾಗ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯದಕ್ಕೆ ‘ಇದು ಇಲ್ಲಿ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ’ ಎಂಬ ಮಾತು ಸಾಕು. ಎರಡನೆಯದಕ್ಕೆ ‘ಇದು ತಪ್ಪು’ ಎನ್ನಬೇಕು.

ಯಾವುದು ಎಲ್ಲಿ ನಡೆಯುತ್ತದೆಂದು ತಿಳಿಯಲು ಒಳ್ಳೆಯ ನಿಘಂಟು ನೆರವಾಗುತ್ತದೆ. ವಿದ್ಯಾರ್ಥಿಗಳಿಗೆಂದೇ ಸಿದ್ಧವಾದ ಈಚಿನ ನಿಘಂಟುಗಳಲ್ಲಿ ಇಂಥ ಪದ ಅಥವಾ ಅರ್ಥದ ಪಕ್ಕದಲ್ಲಿ ‘ಇಂಡಿಯನ್ ಇಂಗ್ಲಿಷ್’ ಎಂಬ ಗುರುತು ಇರುತ್ತದೆ. ಗುರುತು ಕಂಡರೆ ಆ ಪದ ತಪ್ಪೆಂದಲ್ಲ, ಅದಕ್ಕೆ ಗಡಿ ಇದೆ ಎಂದರ್ಥ. ಆದರೆ ನಿಘಂಟು ನೋಡಬೇಕೆಂದು ಹೊಳೆಯುವುದು ಪ್ರಿಪೋನ್‌ನಂಥ ವಿಚಿತ್ರ ಪದಕ್ಕೇ ಹೊರತು ‘ಡೌಟ್’ನಂಥ ಪರಿಚಿತ ಪದಕ್ಕಲ್ಲ. ಆದ್ದರಿಂದ ಮುಖ್ಯವಾದ ಪತ್ರ ಬರೆದಾಗ, ಪ್ರತಿ ವಾಕ್ಯದಲ್ಲೂ ತಾರೀಕು, ಸ್ಥಳ, ಆಗಬೇಕಾದ ಕೆಲಸ ನೇರವಾಗಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳುವುದು ಸುಲಭದ ದಾರಿ. ಅವು ಕಾಣುತ್ತಿದ್ದರೆ ಪದ ಕೈಕೊಟ್ಟರೂ ಅರ್ಥ ಕೈಕೊಡುವುದಿಲ್ಲ.

ಈ ಕಣ್ಣಿನಿಂದ ಹುಬ್ಬಳ್ಳಿಯ ಪತ್ರವನ್ನು ತಿದ್ದಿ ನೋಡೋಣ. ‘ಪಾಸ್ಡ್ ಔಟ್’ ಇದ್ದಲ್ಲಿ ‘ಐ ಗ್ರಾಜುಯೇಟೆಡ್ ಇನ್ 2022’ ಎಂದಾಯಿತು. ‘ಔಟ್ ಆಫ್ ಸ್ಟೇಷನ್’ ಹೋಗಿ ‘ಮೈ ಫಾದರ್ ಈಸ್ ಅವೇ’ ಬಂತು. ಜೊತೆಗೆ ಅವರು ಮರಳುವ ತಾರೀಕೂ ಬ್ಯಾಂಕಿನ ಕಾಗದ ಕಳಿಸುವ ತಾರೀಕೂ ಸೇರಿದವು. ‘ಪ್ರಿಪೋನ್’ ಬಿಟ್ಟು, ‘ಫಾರ್ವರ್ಡ್’ ಅನ್ನೂ ಬಿಟ್ಟು, ಹದಿನೆಂಟನೆಯ ತಾರೀಕು ಬುಧವಾರದ ಬದಲು ಹದಿನಾರನೆಯ ತಾರೀಕು ಸೋಮವಾರ ಸಂದರ್ಶನ ಇಟ್ಟುಕೊಳ್ಳಬಹುದೇ ಎಂದು ನೇರವಾಗಿ ಕೇಳಿದ್ದಾಯಿತು. ‘ಐ ಹ್ಯಾವ್ ಎ ಡೌಟ್’ ಎಂಬುದು ‘ಐ ಹ್ಯಾವ್ ಎ ಕ್ವೆಶ್ಚನ್’ ಆಯಿತು; ಲೇಖನದ ಯಾವ ಭಾಗ ಎಂಬುದೂ ಜೊತೆಗೆ ಬಂತು. ಕೇಳಬೇಕಾದ್ದನ್ನೆಲ್ಲ ಬಿಡಿಸಿ ಕೇಳಿದ ಮೇಲೆ ‘ನೀಡ್‌ಫುಲ್’ಗೆ ಕೆಲಸವೇ ಉಳಿಯಲಿಲ್ಲ. ‘ರಿವರ್ಟ್’ ಜಾಗದಲ್ಲಿ ‘ರಿಪ್ಲೈ’ ಕುಳಿತಿತು. ಪತ್ರ ಉದ್ದವಾದದ್ದು ಎರಡೇ ಸಾಲು.

ಇದೇ ಹುಡುಗಿ ಸಂಜೆ ಗೆಳತಿಗೆ ಫೋನ್ ಮಾಡಿ ‘ಇಂಟರ್‌ವ್ಯೂ ಪ್ರಿಪೋನ್ ಮಾಡೋಕೆ ಕೇಳೀನಿ, ಅಪ್ಪಾಜಿ ಔಟ್ ಆಫ್ ಸ್ಟೇಷನ್ ಅದಾರ’ ಎಂದರೆ ಅದರಲ್ಲಿ ತಿದ್ದುವಂಥದ್ದೇನೂ ಇಲ್ಲ. ಆ ಮಾತು ಅಲ್ಲಿಗೆ ಸರಿಯಾಗಿದೆ. ಹಿಂದಿಯವರ ಮುಂದೆ ‘ಶಿಕ್ಷಾ’ ಎಂದೂ ಮನೆಯಲ್ಲಿ ‘ಶಿಕ್ಷೆ’ ಎಂದೂ ಬೇರೆ ಬೇರೆ ಅರ್ಥದಲ್ಲಿ ಗೊಂದಲವಿಲ್ಲದೆ ಬಳಸುವ ಮಕ್ಕಳಿಗೆ, ಎರಡು ಇಂಗ್ಲಿಷುಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದೂ ಕಷ್ಟವಾಗಲಾರದು.